ಕೆಮ್ಮಲ್ಲ, ಉಸಿರು ನೋಡಿ

ಉರಿಗಾಂನಿಂದ ಮಾತಾಡ್ತಿದ್ದೀನಿ. ಇವತ್ತಿನ ಸಂಚಿಕೆ ಐದು ವರ್ಷದೊಳಗಿನ ಮಕ್ಕಳಿರೋ ಮನೆಯವರಿಗೆ. ನಾನು ಓದಿರೋದು ಬಿಕಾಂ, ಡಾಕ್ಟರ್ ಅಲ್ಲ. ಆದರೆ ಈಗ ಹೇಳೋ ಲೆಕ್ಕ ನನ್ನದಲ್ಲ, ವಿಶ್ವ ಆರೋಗ್ಯ ಸಂಸ್ಥೆಯದು. ನಮ್ಮ ಸರ್ಕಾರಿ ಆರೋಗ್ಯ ಕಾರ್ಯಕರ್ತೆಯರಿಗೂ ಇದನ್ನೇ ಕಲಿಸ್ತಾರೆ.

ನಮ್ಮೂರಲ್ಲಿ ಗಾಳಿ ಎದ್ದರೆ ಸೈನೈಡ್ ದಿಬ್ಬದ ಧೂಳು ಮನೆಯೊಳಗೇ ಬರುತ್ತೆ. ಹಾಗಾಗಿ ಮಗು ಕೆಮ್ಮಿದರೆ "ಧೂಳಿಗೆ ಬಿಡಿ" ಅಂತ ಸುಮ್ಮನಾಗೋದು ರೂಢಿ. ಬಹಳ ಸಲ ಅದು ನಿಜಾನೇ, ಇಲ್ಲಾ ಬರೀ ನೆಗಡಿ ಇರುತ್ತೆ. ತೊಂದರೆ ಏನಂದ್ರೆ, ಕೆಮ್ಮಿನ ಸದ್ದು ಕೇಳಿ ನ್ಯುಮೋನಿಯಾ ಹೌದೋ ಅಲ್ಲವೋ ಹೇಳೋಕಾಗಲ್ಲ. ಜೋರಾಗಿ ಕೆಮ್ಮೋ ಮಗು ಆಡಿಕೊಂಡಿರಬಹುದು. ಕೆಮ್ಮು ಕಡಿಮೆ ಇರೋ ಮಗುವಿನ ಶ್ವಾಸಕೋಶದಲ್ಲಿ ಕೀವು, ನೀರು ತುಂಬಿಕೊಂಡಿರಬಹುದು. ಹಾಗೆ ತುಂಬಿದಾಗ ಒಂದೊಂದು ಉಸಿರಲ್ಲಿ ಸಿಗೋ ಆಮ್ಲಜನಕ ಕಡಿಮೆಯಾಗುತ್ತೆ, ಅದನ್ನ ಸರಿದೂಗಿಸೋಕೆ ಮಗು ಬೇಗ ಬೇಗ ಉಸಿರಾಡುತ್ತೆ. ಅದನ್ನ ನಾವು ಮನೇಲೇ ಎಣಿಸಬಹುದು.

ಒಂದು ಉದಾಹರಣೆ ಇಟ್ಕೊಳ್ಳೋಣ. ಒಂಬತ್ತು ತಿಂಗಳ ಮಗು, ಎರಡು ದಿನದಿಂದ ಕೆಮ್ಮು, ಮೈ ಬಿಸಿ. ಮಗು ಅಳ್ತಿದ್ರೆ ಎಣಿಸಬೇಡಿ, ಹಾಲು ಕುಡಿತಿರುವಾಗಲೂ ಬೇಡ. ಮಲಗಿರುವಾಗಲೋ, ಅಮ್ಮನ ಮಡಿಲಲ್ಲಿ ಸುಮ್ಮನಿರುವಾಗಲೋ ಅಂಗಿ ಮೇಲಕ್ಕೆತ್ತಿ. ಎದೆ ಅಥವಾ ಹೊಟ್ಟೆ ಒಂದು ಸಲ ಮೇಲೆದ್ದು ಇಳಿದರೆ ಅದು ಒಂದು ಉಸಿರು. ಮೊಬೈಲಲ್ಲಿ ಟೈಮರ್ ಇಟ್ಟು ಪೂರ್ತಿ 60 ಸೆಕೆಂಡ್ ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸೋದು ಬೇಡ. ಮಕ್ಕಳ ಉಸಿರು ಒಂದೇ ಸಮ ಇರಲ್ಲ, ಅರ್ಧ ನಿಮಿಷದಲ್ಲಿ ಎರಡು ತಪ್ಪಿದ್ರೆ ಲೆಕ್ಕದಲ್ಲಿ ನಾಲ್ಕು ತಪ್ಪುತ್ತೆ.

ಈ ಮಗುವಿಗೆ 56 ಬಂತು ಅನ್ನೋಣ. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ 50 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ವೇಗದ ಉಸಿರಾಟ. ಒಂದರಿಂದ ಐದು ವರ್ಷದವರಿಗೆ 40. ಅಂದ್ರೆ 56 ಬಂದ ಮಗುವನ್ನ ಅದೇ ದಿನ ಡಾಕ್ಟರ್‌ಗೆ ತೋರಿಸಬೇಕು, ರಾತ್ರಿ ಆದ್ರೂ ಸರಿ. ಜ್ವರಕ್ಕೂ ಉಸಿರು ಸ್ವಲ್ಪ ಜೋರಾಗುತ್ತೆ ಅನ್ನೋದು ನಿಜ. ಆದರೆ ಅದು ಜ್ವರದ್ದೋ ನ್ಯುಮೋನಿಯಾದ್ದೋ ಅಂತ ತೀರ್ಮಾನಿಸೋದು ಡಾಕ್ಟರ್ ಕೆಲಸ. ಎರಡು ತಿಂಗಳೊಳಗಿನ ಕೂಸಿಗೆ ಮಿತಿ 60. ಅಷ್ಟು ಚಿಕ್ಕವರ ಉಸಿರು ನಡುನಡುವೆ ನಿಂತು ಮತ್ತೆ ಓಡುತ್ತೆ, ಅದಕ್ಕೆ 60 ದಾಟಿದ್ರೆ ಇನ್ನೊಂದು ಸಲ ಎಣಿಸಿ. ಆಗಲೂ ಅಷ್ಟೇ ಬಂದರೆ ನೇರ ಆಸ್ಪತ್ರೆಗೆ.

ಅಂಗಿ ಎತ್ತಿದಾಗಲೇ ಇನ್ನೊಂದು ನೋಡಿ. ಉಸಿರು ಒಳಗೆ ಎಳ್ಕೊಂಡಾಗ ಎದೆ ಉಬ್ಬಬೇಕು. ಅದರ ಬದಲು ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಹೋಗ್ತಿದ್ರೆ ಅದೇ ಪಕ್ಕೆ ಸೆಳೆತ. ಮಗು ಉಸಿರಿಗಾಗಿ ಕಷ್ಟಪಡ್ತಿದೆ ಅಂತ ಅರ್ಥ. ಇಲ್ಲಿ ಎಣಿಕೆ ಎಷ್ಟು ಬಂದರೂ ಕಾಯಬೇಡಿ. ಮೂಗಿನ ಹೊಳ್ಳೆ ಅರಳೋದು, ಪ್ರತಿ ಉಸಿರಿಗೂ ನರಳೋದು, ಸುಮ್ಮನಿದ್ದಾಗಲೂ ಉಸಿರು ಎಳೆಯುವಾಗ ಕರ್ಕಶ ಸದ್ದು ಬರೋದು, ತುಟಿ ನಾಲಿಗೆ ನೀಲಿಯಾಗೋದು, ಇವೂ ಹಾಗೇ. ಹಾಲು, ನೀರು ಏನೂ ಕುಡಿಯೋಕಾಗ್ತಿಲ್ಲ, ಕುಡಿದದ್ದೆಲ್ಲ ವಾಂತಿ, ಫಿಟ್ಸ್ ಬಂತು, ಎಬ್ಬಿಸಿದ್ರೂ ಕಣ್ಣು ಬಿಡ್ತಿಲ್ಲ, ಇವುಗಳಲ್ಲಿ ಒಂದಿದ್ರೂ 108ಕ್ಕೆ ಫೋನ್ ಮಾಡಿ. ಗಾಡಿ ತಡ ಅನ್ನಿಸಿದ್ರೆ ಸಿಕ್ಕ ಆಟೋ ಹತ್ತಿ.

ನನಗೆ ತುಂಬಾ ಭಯ ಹುಟ್ಟಿಸೋದು ಒಂದಿದೆ. ಸಂಜೆ 60 ಇದ್ದ ಉಸಿರು ರಾತ್ರಿ 35ಕ್ಕೆ ಇಳೀತು, ಮಗು ಸದ್ದಿಲ್ಲದೆ ಮಲಗಿದೆ. ಮನೆಯವರು "ಸದ್ಯ, ನಿದ್ದೆ ಬಂತು" ಅಂತಾರೆ. ಚೇತರಿಸಿಕೊಂಡ ಮಗು ಎಬ್ಬಿಸಿದರೆ ಮುಖ ನೋಡುತ್ತೆ, ಹಾಲಿಗೆ ಬಾಯಿ ಹಾಕುತ್ತೆ. ಉಸಿರಾಡಿ ಉಸಿರಾಡಿ ಸುಸ್ತಾದ ಮಗು ಮಂಕಾಗಿಯೇ ಇರುತ್ತೆ. ಆ ಮಗುವಿಗೆ ಒಂದೊಂದು ನಿಮಿಷವೂ ಮುಖ್ಯ. ಕೋವಿಡ್ ಕಾಲದ ಆಕ್ಸಿಮೀಟರ್ ಮನೇಲಿದ್ರೂ ಅದರ ಕ್ಲಿಪ್ ದೊಡ್ಡವರ ಬೆರಳಿಗೆ ಮಾಡಿದ್ದು, ಕೂಸಿನ ಬೆರಳಲ್ಲಿ ಅದು ತೋರಿಸೋ 97 ನಂಬಿ ಕೂರಬೇಡಿ.

ಕೆಮ್ಮಿನ ಸಿರಪ್‌ನಿಂದ ನ್ಯುಮೋನಿಯಾ ಹೋಗಲ್ಲ. ಎರಡು ವರ್ಷದೊಳಗಿನವರಿಗೆ ಕೆಮ್ಮು-ನೆಗಡಿ ಔಷಧಿ ಕೊಡಬೇಡಿ ಅಂತ ಕೇಂದ್ರ ಆರೋಗ್ಯ ಇಲಾಖೆ 2025ರ ಅಕ್ಟೋಬರ್‌ನಲ್ಲಿ ಹೇಳಿದೆ. ಮನೇಲಿ ಉಳಿದಿರೋ ಆಂಟಿಬಯಾಟಿಕ್ ಕೂಡ ಬೇಡ, ಡೋಸ್ ಮಗುವಿನ ತೂಕದ ಮೇಲೆ ಇರುತ್ತೆ.

ನಮ್ಮ ಕಡೆ ಮೊದಲು ರಾಬರ್ಟ್‌ಸನ್‌ಪೇಟೆ ಸರ್ಕಾರಿ ಆಸ್ಪತ್ರೆ, ಅಲ್ಲಿಂದ ಬೇಕಾದ್ರೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ. ಕೋಲಾರಕ್ಕೆ ಕಳಿಸಿದ್ರೆ ಹೊರಡೋ ಮುಂಚೆ "ದಾರಿಯಲ್ಲಿ ಆಕ್ಸಿಜನ್ ಬೇಕಾ?" ಅಂತ ಕೇಳಿ, ಬೇಕು ಅಂದ್ರೆ ಆಂಬುಲೆನ್ಸ್‌ನಲ್ಲೇ ಹೋಗಿ. ಹೋಗುವಾಗ ಮಗುವನ್ನ ನೆಟ್ಟಗೆ ಎತ್ಕೊಳ್ಳಿ, ಮುಖಕ್ಕೆ ಶಾಲು ಮುಚ್ಚಬೇಡಿ. ಎಣಿಸಿದ ಸಂಖ್ಯೆ, ಎಣಿಸಿದ ಟೈಮು, ಕೊನೇ ಸಲ ಹಾಲು ಕುಡಿದದ್ದು ಯಾವಾಗ ಅನ್ನೋದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ರೆ ಡ್ಯೂಟಿ ಡಾಕ್ಟರ್ ಕೈಗೆ ಕೊಡಿ, ಅವರು ಮೊದಲು ಕೇಳೋದೂ ಅದನ್ನೇ.