ತಗ್ಗಿಗೆ ಇಳಿಯುವ ಮುನ್ನ ಅರ್ಧ ಗಂಟೆ

ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದಂಥ ಊರಿನಲ್ಲಿ ಕೊಳವೆ ಹೂಳುವ ಕೆಲಸ ಆರಂಭವಾಗಲಿದೆ ಎಂದುಕೊಳ್ಳೋಣ. ರಸ್ತೆಯ ಬದಿಯಲ್ಲಿ 2 ಮೀಟರ್ ಆಳ, 1 ಮೀಟರ್ ಅಗಲದ ತಗ್ಗು ತೆಗೆಯಬೇಕು. ಜೆಸಿಬಿ ಬಂದಿದೆ. ಎಂಟು ಜನ ಕೂಲಿಕಾರರು ಹಿಂದಿನ ರಾತ್ರಿ ಬಂದು ಇಳಿದಿದ್ದಾರೆ. ಕೆಲವರು ರಾಯಚೂರು ಕಡೆಯವರು, ಉಳಿದವರು ಒಡಿಶಾದವರು. ಬೆಳಗ್ಗೆ ಏಳಕ್ಕೆ ಮೇಸ್ತ್ರಿ ಅವರ ಕೈಗೆ ಸಲಿಕೆ ಕೊಡುವ ಮೊದಲು ಅರ್ಧ ಗಂಟೆ ಅವರೊಡನೆ ಮಾತಾಡಬೇಕು. ಆ ಅರ್ಧ ಗಂಟೆಯಲ್ಲಿ ಏನು ಹೇಳಬೇಕು, ಹೇಗೆ ಹೇಳಬೇಕು ಎಂಬುದೇ ಇಂದಿನ ವಿಷಯ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಅನೇಕ ವರ್ಷಗಳ ಹಿಂದೆ ಒಂದು ಒಳಚರಂಡಿ ಕಾಮಗಾರಿಯಲ್ಲಿ ನಾನು ಮೇಲ್ವಿಚಾರಕನಾಗಿದ್ದೆ. ಹೊಸಬರನ್ನು ಸಾಲಾಗಿ ನಿಲ್ಲಿಸಿ ಅಚ್ಚುಕಟ್ಟಾಗಿ ಎಲ್ಲವನ್ನೂ ಹೇಳಿದೆ. ಕೊನೆಗೆ, “ತಿಳೀತೇನ್ರಿ?” ಎಂದು ಕೇಳಿದೆ. ಎಲ್ಲರೂ ತಲೆಯಾಡಿಸಿದರು. ಮಧ್ಯಾಹ್ನ ತಗ್ಗಿನ ಅಂಚಿನಲ್ಲಿ ಬಿರುಕು ಕಂಡು, “ಮ್ಯಾಲ ಬಾರೋ ತಮ್ಮಾ!” ಎಂದು ಕೂಗಿದೆ. ಕೆಳಗಿದ್ದ ಹುಡುಗ ತಲೆಯೆತ್ತಿ ನೋಡಿ ನಕ್ಕ. ಅವನಿಗೆ ಕನ್ನಡದ ಒಂದು ಪದವೂ ಬರುತ್ತಿರಲಿಲ್ಲ. ಮಣ್ಣು ತೊಡೆಯವರೆಗೆ ಕುಸಿಯಿತು. ಜೀವ ಉಳಿಯಿತು, ಒಂದು ಕಾಲು ಮುರಿಯಿತು. ಬೆಳಗ್ಗೆ ಅವನೂ ತಲೆಯಾಡಿಸಿದ್ದ. ಹೊಸ ಊರು, ಹೊಸ ಧಣಿ. ತಿಳಿಯಲಿಲ್ಲ ಎಂದರೆ ಕೆಲಸ ಹೋದೀತು ಎಂಬ ಭಯದಲ್ಲಿ ಯಾರು ತಾನೆ ಬಾಯಿ ಬಿಡುತ್ತಾರೆ?

ಅಂದಿನಿಂದ “ತಿಳೀತೇನ್ರಿ?” ಎಂದು ಕೇಳುವುದನ್ನು ಬಿಟ್ಟೆ. “ಮಾಡಿ ತೋರಸ್ರಿ” ಎನ್ನುವುದನ್ನು ಕಲಿತೆ. ಅವರ ಪೈಕಿ ಎರಡೂ ಭಾಷೆ ಬಲ್ಲ ಒಬ್ಬನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತೇನೆ. ಭಾಷಣ ಮಾಡುವುದಿಲ್ಲ. ತಗ್ಗಿನ ಅಂಚಿನಿಂದ ದೂರದಲ್ಲಿ ಎಲ್ಲರನ್ನೂ ಕೂರಿಸಿ, ಚಹಾ ಕೊಟ್ಟು, ಹೀಗೆ ಆರಂಭಿಸುತ್ತೇನೆ:

“ಕೇಳ್ರಿ ಅಣ್ಣಾರ. ಇಲ್ಲಿ ನಮ್ಮ ದೊಡ್ಡ ವೈರಿ ಈ ಮಣ್ಣು. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಮಣ್ಣು ಒಂದೂವರಿ ಟನ್ನಿಗಿಂತ ಕಡಿಮಿ ಇರೂದಿಲ್ಲ. ಎದಿ ಮಟ ಮಣ್ಣು ಬಿದ್ರ ಉಸಿರು ಬಿಟ್ಟಾಗ ಮಣ್ಣು ಒಳಗ ಸರೀತೈತಿ, ತಿರುಗಿ ಉಸಿರು ತಗೊಳ್ಳಾಕ ಜಾಗಾ ಬಿಡೂದಿಲ್ಲ. ತಲಿ ಹೊರಗ ಇದ್ರೂ ಮನುಷ್ಯಾ ಉಳಿಯೂದು ಕಷ್ಟ.”

ಇದನ್ನು ಹೆದರಿಸಲಿಕ್ಕೆ ಹೇಳುವುದಲ್ಲ. ತಗ್ಗಿನ ಅಪಾಯ ಮೇಲಿನಿಂದ ಬೀಳುವ ಕಲ್ಲು ಎಂದೇ ಹೆಚ್ಚಿನವರು ತಿಳಿದಿರುತ್ತಾರೆ. ತಲೆಗೆ ಹೆಲ್ಮೆಟ್ ಇದ್ದರೆ ಸಾಕು ಎಂಬ ಭಾವನೆ ಇರುತ್ತದೆ. ಆದ್ದರಿಂದ ಹೆಲ್ಮೆಟ್ ಕೊಡುವಾಗಲೇ ಅದರ ಮಿತಿಯನ್ನೂ ಹೇಳಬೇಕು. ಜಾರಿ ಬಿದ್ದ ಕಲ್ಲು, ಕೈತಪ್ಪಿದ ಪಿಕಾಸಿ, ಇವುಗಳ ಪೆಟ್ಟನ್ನು ಹೆಲ್ಮೆಟ್ ತಡೆಯುತ್ತದೆ. ಗದ್ದದ ಪಟ್ಟಿ ಕಟ್ಟಿರಬೇಕು. ಇಲ್ಲವಾದರೆ ಬಗ್ಗಿದ ಕೂಡಲೇ ಅದೇ ಮೊದಲು ಕೆಳಗೆ ಬೀಳುತ್ತದೆ. ಬಿರುಕು ಬಿಟ್ಟಿದ್ದರೆ ಬೇರೆಯದನ್ನು ಕೇಳಬೇಕು. ಕಾಲಿಗೆ ಬೂಟು, ನೀರು ನಿಂತಲ್ಲಿ ಗಮ್‌ಬೂಟು. ಮೈಮೇಲೆ ಹೊಳೆಯುವ ಜಾಕೀಟು, ಏಕೆಂದರೆ ಜೆಸಿಬಿ ಚಾಲಕನಿಗೆ ತನ್ನ ಹಿಂಬದಿ ಸರಿಯಾಗಿ ಕಾಣುವುದಿಲ್ಲ. ಇವೆಲ್ಲ ಮಾಲೀಕ ಕೊಡಬೇಕಾದ ವಸ್ತುಗಳು, ಇವುಗಳ ಹಣವನ್ನು ಕೂಲಿಯಲ್ಲಿ ಮುರಿಯುವಂತಿಲ್ಲ ಎಂಬುದನ್ನು ಎಲ್ಲರೆದುರು ಹೇಳಿಬಿಡಬೇಕು. ಹಣ ಮುರಿದಾರು ಎಂಬ ಅನುಮಾನದಿಂದಲೇ ಬೂಟು ಬೇಡ ಎನ್ನುವವರನ್ನು ನಾನು ಕಂಡಿದ್ದೇನೆ.

ಆದರೆ ಕುಸಿಯುವ ಗೋಡೆಯ ಎದುರು ಹೆಲ್ಮೆಟ್ ಏನನ್ನೂ ಮಾಡದು. ಅಲ್ಲಿ ಕಾಯುವುದು ತಗ್ಗನ್ನು ತೆಗೆದ ರೀತಿ. ನಮ್ಮ ಸರ್ಕಾರಿ ಕಾಮಗಾರಿಗಳ ಸುರಕ್ಷತಾ ನಿಯಮಗಳು ಇದನ್ನು ಸರಳವಾಗಿ ಹೇಳುತ್ತವೆ. 1.5 ಮೀಟರಿಗಿಂತ ಆಳವಾದರೆ ಒಂದೋ ಗೋಡೆಗಳನ್ನು ಇಳಿಜಾರಾಗಿ ಕಡಿಯಬೇಕು, ಇಲ್ಲವೆ ಹಲಗೆ ಮತ್ತು ಅಡ್ಡತೊಲೆ ಕೊಟ್ಟು ಬಿಗಿಯಬೇಕು. ನಮ್ಮ 2 ಮೀಟರ್ ತಗ್ಗನ್ನು ಸಡಿಲ ಮಣ್ಣಿನಲ್ಲಿ ಆಳದಷ್ಟೇ ಇಳಿಜಾರು ಕೊಟ್ಟು ಕಡಿದರೆ ಮೇಲಿನ ಅಗಲ 5 ಮೀಟರ್ ಆಗುತ್ತದೆ. ಊರೊಳಗಿನ ರಸ್ತೆಯಲ್ಲಿ ಅಷ್ಟು ಜಾಗ ಎಲ್ಲಿದೆ? ಹಾಗಾಗಿ ಇಲ್ಲಿ ಹಲಗೆಯೇ ದಾರಿ. ಹಲಗೆ ಕೊಡದ ಭಾಗಕ್ಕೆ ಇಳಿಯುವಂತಿಲ್ಲ, “ಐದು ನಿಮಿಷದ ಕೆಲಸ” ಎಂದು ಮೇಸ್ತ್ರಿ ಹೇಳಿದರೂ ಇಳಿಯುವಂತಿಲ್ಲ. ಈ ಮಾತನ್ನು ಮೇಸ್ತ್ರಿಯ ಬಾಯಿಂದಲೇ ಹೇಳಿಸುವುದು ಒಳ್ಳೆಯದು.

ತೆಗೆದ ಮಣ್ಣನ್ನು ಅಂಚಿನಲ್ಲೇ ಗುಡ್ಡೆ ಹಾಕಿದರೆ ಆ ಭಾರವೇ ಗೋಡೆಯನ್ನು ತಳ್ಳುತ್ತದೆ. 1.5 ಮೀಟರ್, ಅಥವಾ ಆಳದ ಅರ್ಧ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ದೂರ ಹಾಕಬೇಕು. ನಮ್ಮ ತಗ್ಗಿಗೆ ಅದು 1.5 ಮೀಟರ್. ಅಷ್ಟು ದೂರದಲ್ಲಿ ಸುಣ್ಣದ ಗೆರೆ ಎಳೆದು ತೋರಿಸಿದರೆ ಯಾವ ಭಾಷೆಯೂ ಬೇಕಿಲ್ಲ.

ಆಮೇಲೆ ಸುಳಿವುಗಳು. ಮಣ್ಣು ಹಲವು ಸಲ ಬೀಳುವ ಮೊದಲು ಸೂಚನೆ ಕೊಡುತ್ತದೆ. ಅಂಚಿಗೆ ಸಮನಾಗಿ ಮೇಲೆ ಉದ್ದುದ್ದ ಬಿರುಕು ಕಾಣುತ್ತದೆ. ಗೋಡೆಯಿಂದ ಸಣ್ಣ ಹೆಂಟೆಗಳು ಉದುರತೊಡಗುತ್ತವೆ. ಗೋಡೆಯ ನಡು ಉಬ್ಬುತ್ತದೆ. ತಳದಲ್ಲಿ ನೀರು ಜಿನುಗುತ್ತದೆ. ನವಲಗುಂದ, ಅಣ್ಣಿಗೇರಿ ಕಡೆಯ ಎರೆಮಣ್ಣು ಒಣಗಿದಾಗ ಬಿರಿಯುತ್ತದೆ, ನೆನೆದಾಗ ಉಬ್ಬುತ್ತದೆ. ನಿನ್ನೆ ಗಟ್ಟಿಯಾಗಿದ್ದ ಗೋಡೆ ಇಂದು ಹಾಗಿರಲಾರದು. ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿ ಕಡೆ ಮಳೆಯ ಮರುದಿನ ವಿಶೇಷ ಎಚ್ಚರ ಬೇಕು. ಹಿಂದೆ ಯಾರೋ ಕೊಳವೆ ಹಾಕಿ ಮುಚ್ಚಿದ ಜಾಗವಂತೂ ಎಲ್ಲ ಕಾಲದಲ್ಲೂ ಸಡಿಲ. ಆದರೆ ಸುಳಿವನ್ನೇ ನಂಬಿ ಹಲಗೆ ಬಿಡುವಂತಿಲ್ಲ. ಯಾವ ಸೂಚನೆಯೂ ಇಲ್ಲದೆ ಬಿದ್ದ ಗೋಡೆಗಳೂ ಇವೆ.

ಸುಳಿವು ಕಂಡವನು, ಅವನು ನಿನ್ನೆ ಬಂದವನಾದರೂ ಸರಿ, ಸೀಟಿ ಊದಬಹುದು. ಮೂರು ಸಲ ಉದ್ದವಾಗಿ ಊದಿದರೆ ಎಲ್ಲರೂ ಮೇಲೆ ಬರಬೇಕು. ಸಲಿಕೆ, ಬುಟ್ಟಿ, ಊಟದ ಡಬ್ಬಿ ಏನನ್ನೂ ಹುಡುಕಬಾರದು. ಸೀಟಿಯ ಜೊತೆಗೆ ಕೂಗುವ ಮಾತು ಒಂದೇ ಇರಲಿ. ನಮ್ಮ ಗುಂಪಿನಲ್ಲಿ “ಬಾಹರ್!” ಎಂದು ನಿಶ್ಚಯಿಸಿದೆವು, ರಾಯಚೂರಿನವರೂ ಅದನ್ನು ಕೂಡಲೇ ಕಲಿತರು.

ಮೇಲೆ ಬರಲು ಏಣಿ ಬೇಕು. ನಮ್ಮ ನಿಯಮ 30 ಮೀಟರಿಗೆ ಒಂದು ಏಣಿಯಾದರೂ ಇರಲಿ ಎನ್ನುತ್ತದೆ. ಅಮೆರಿಕದ ನಿಯಮ ಕೆಳಗಿರುವವನಿಗೆ 25 ಅಡಿಯೊಳಗೆ ಏಣಿ ಸಿಗಬೇಕು ಎನ್ನುತ್ತದೆ. ಕೊಳವೆ ಮತ್ತು ಕೆಸರಿನ ನಡುವೆ ಗಮ್‌ಬೂಟು ಹಾಕಿಕೊಂಡು ಓಡುವುದನ್ನು ನೆನೆದರೆ ಈ ಎರಡನೆಯದೇ ಸರಿ ಎನಿಸುತ್ತದೆ. ಏಣಿಯ ತುದಿ ನೆಲದ ಮೇಲೆ 1 ಮೀಟರ್ ಎದ್ದಿರಬೇಕು, ಹಿಡಿದು ಕಾಲಿಡಲು ಆಧಾರ ಸಿಗುತ್ತದೆ.

ಮೇಲೆ ಬಂದವರು ಎಲ್ಲಿಗೆ ಹೋಗಬೇಕು? ಇಲ್ಲಿ ಸಾಮಾನ್ಯವಾಗಿ ಒಂದು ತಪ್ಪಾಗುತ್ತದೆ. ಕೂಡುವ ಜಾಗವನ್ನು ಒಂದೇ ಕಡೆ ಗುರುತಿಸಿ ಹಸಿರು ಫಲಕ ನೆಡುತ್ತಾರೆ. ತಗ್ಗು ಜಾಗವನ್ನು ಎರಡು ಭಾಗ ಮಾಡಿದೆ ಎಂಬುದನ್ನು ಮರೆಯುತ್ತಾರೆ. ಆಚೆ ಹತ್ತಿದವನು ಈಚೆ ಬರಲು ಕುಸಿಯುತ್ತಿರುವ ತಗ್ಗನ್ನೇ ದಾಟಬೇಕಾಗುತ್ತದೆ. ಆದ್ದರಿಂದ ಎರಡೂ ಬದಿಗೆ ಒಂದೊಂದು ಜಾಗ ಬೇಕು. ಮೇಲೆ ವಿದ್ಯುತ್ ತಂತಿ ಇರಬಾರದು, ಹತ್ತಿರ ಹಳೆಯ ಗೋಡೆ ಇರಬಾರದು, ಆಂಬುಲೆನ್ಸ್ ಬರುವ ದಾರಿಗೆ ಅಡ್ಡವಾಗಬಾರದು.

ಅಲ್ಲಿ ಮಾಡುವ ಮುಖ್ಯ ಕೆಲಸ ಎಣಿಕೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತದ್ದು ನಿಮಗೆ ನೆನಪಿರಬಹುದು. ಅವಶೇಷಗಳಡಿ ಹುಡುಕಾಟ ದಿನಗಟ್ಟಲೆ ನಡೆಯಿತು. ಇಂಥ ಎಲ್ಲ ಕಡೆ ರಕ್ಷಣೆಗೆ ಬಂದವರ ಮೊದಲ ಪ್ರಶ್ನೆ ಒಂದೇ: ಒಳಗೆ ಎಷ್ಟು ಜನ ಇದ್ದಾರೆ? ಬೆಳಗಿನ ಹಾಜರಿ ಪುಸ್ತಕ ಇದಕ್ಕೆ ಉತ್ತರ ಕೊಡದು. ತಡವಾಗಿ ಬಂದವರು, ಚಹಾಕ್ಕೆ ಹೋದವರು ಅದರಲ್ಲಿ ಕಾಣುವುದಿಲ್ಲ.

ಅದಕ್ಕೆ ಒಂದು ಸುಲಭ ಉಪಾಯವಿದೆ. ಏಣಿಯ ಪಕ್ಕ ಮೊಳೆ ಹೊಡೆದ ಒಂದು ಹಲಗೆ. ಪ್ರತಿಯೊಬ್ಬನ ಬಳಿ ಅಂಕಿ ಬರೆದ ಒಂದು ಬಿಲ್ಲೆ. ಇಳಿಯುವಾಗ ಬಿಲ್ಲೆ ಸಿಗಿಸಬೇಕು, ಹತ್ತಿದಾಗ ತೆಗೆದುಕೊಳ್ಳಬೇಕು. ಅವಸರದಲ್ಲಿ ಓಡಿ ಬಂದರೆ ಬಿಲ್ಲೆಗೆ ನಿಲ್ಲಬಾರದು. ಮೇಸ್ತ್ರಿ ಆ ಹಲಗೆಯನ್ನೇ ಎತ್ತಿಕೊಂಡು ಬಂದು ಒಂದೊಂದಾಗಿ ಹಂಚುತ್ತಾನೆ. ಐದು ಬಿಲ್ಲೆ ಇದ್ದು ನಾಲ್ಕಕ್ಕೆ ಮಾತ್ರ ಕೈ ಚಾಚಿದರೆ ಒಬ್ಬ ಒಳಗಿದ್ದಾನೆ. ಆಚೆ ಬದಿಗೆ ಕೂಗಿ ಕೇಳಬೇಕು, ಅಲ್ಲಿಯೂ ಇಲ್ಲವೆಂದರೆ ಅವನನ್ನು ಕಡೆಗೆ ಎಲ್ಲಿ ಕಂಡಿರಿ ಎಂದು ಕೇಳಬೇಕು.

ಆಗ ಜೊತೆಗಾರನ ಮನಸ್ಸು ಕೆಳಗೆ ಹಾರು ಎನ್ನುತ್ತದೆ. ಅದನ್ನು ಬೆಳಗ್ಗೆಯೇ ತಡೆಯಬೇಕು. “ನಿಮ್ಮ ತಮ್ಮನ ಒಳಗ ಇದ್ರೂ ಹಾರಬ್ಯಾಡ್ರಿ. ಎರಡನೇ ಸಲ ಮಣ್ಣು ಬಿದ್ರ ಇಬ್ಬರೂ ಹೋಗ್ತೀರಿ.” 112ಕ್ಕೆ ಅಥವಾ 108ಕ್ಕೆ ಕರೆ ಮಾಡಿ ಊರ ಹೆಸರು ಹೇಳಬೇಕು. ಹೊಸಬರಿಗೆ ಊರ ಹೆಸರೇ ಬಾಯಿಗೆ ಬರುವುದಿಲ್ಲ. “ದೇವಿಕೊಪ್ಪ, ಕಲಘಟಗಿ ತಾಲ್ಲೂಕು, ಧಾರವಾಡ ಜಿಲ್ಲೆ” ಎಂದು ಪ್ರತಿಯೊಬ್ಬರಿಂದಲೂ ಹೇಳಿಸಿ. ಜೆಸಿಬಿಯನ್ನು ಅಂಚಿನಿಂದ ದೂರ ನಿಲ್ಲಿಸಬೇಕು. ಹೂತವನ ಮೇಲೆ ಅದರ ಬಕೆಟ್ ಇಳಿಸಬಾರದು. ಗೋಡೆಗೆ ಹಲಗೆ ಕೊಟ್ಟ ಮೇಲೆ ಕೈಯಿಂದ ಅಗೆದು ಮೊದಲು ಮುಖ, ಆಮೇಲೆ ಎದೆ ಬಿಡಿಸಬೇಕು. ಹಗ್ಗ ಕಟ್ಟಿ ಎಳೆಯಬಾರದು.

ಮಾತು ಇಲ್ಲಿಗೆ ಮುಗಿಯುತ್ತದೆ, ಪಾಠ ಮುಗಿಯುವುದಿಲ್ಲ. ಹಲಗೆ ಕೊಟ್ಟ ಭಾಗಕ್ಕೆ ಐವರನ್ನು ಇಳಿಸಿ ಸೀಟಿ ಊದಿ. ಯಾರು ಸಲಿಕೆ ಹಿಡಿದು ಬಂದರು, ಯಾರು ಜೆಸಿಬಿಯ ಕಡೆ ಓಡಿದರು ನೋಡಿ. ಬೈಯದೆ ಮತ್ತೊಮ್ಮೆ ಊದಿ. ಐವರೂ ಬರಿಗೈಯಲ್ಲಿ ಬಂದು ಬಿಲ್ಲೆ ಪಡೆದ ಮೇಲೆ ಕೆಲಸಕ್ಕೆ ಬಿಡಿ. ರಾತ್ರಿಯೆಲ್ಲ ಪ್ರಯಾಣ ಮಾಡಿ ನಿದ್ದೆಗೆಟ್ಟವನಿಗೆ ಮೊದಲ ದಿನ ಮೇಲೆಯೇ ಕೆಲಸ ಕೊಡಿ. ತಗ್ಗು ನಾಳೆಯೂ ಅಲ್ಲೇ ಇರುತ್ತದೆ.