ಬೀಜ ಮೊಳೆಯುವುದನ್ನು ಮೊಬೈಲಿನಲ್ಲಿ ಚಿತ್ರಿಸುವುದು

(ಸುವರ್ಣ ಮಹೋತ್ಸವದ ಅಂಗವಾಗಿ ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಆಡಿದ ಮಾತುಗಳ ಬರಹರೂಪ)



ವಸ್ತುಪ್ರದರ್ಶನಕ್ಕೆ ಅವರೆಬೀಜ ಮೊಳೆಯುವ ಚಿಕ್ಕ ಚಲನಚಿತ್ರ ಮಾಡಬೇಕೆಂದು ಒಂಬತ್ತನೇ ತರಗತಿಯವರು ಕೇಳಿದ್ದಾರೆ. ನಿಮ್ಮ ಕೈಯಲ್ಲಿರುವುದು ಒಂದು ಮೊಬೈಲು, ಒಂದು ಟ್ರೈಪಾಡು, ಒಂದು ಮಧ್ಯಾಹ್ನ. ಹಾಗಾಗಿ ಈ ಒಂದೇ ಚಿತ್ರವನ್ನು ಹಿಡಿದುಕೊಂಡು ಸ್ಟಾಪ್ ಮೋಷನ್ ವಿಷಯ ಹೇಳುತ್ತೇನೆ.

ವಸ್ತುವನ್ನು ಸ್ವಲ್ಪ ಸರಿಸುವುದು, ಒಂದು ಫೋಟೊ ತೆಗೆಯುವುದು, ಮತ್ತೆ ಸ್ವಲ್ಪ ಸರಿಸುವುದು, ಇಷ್ಟೇ ಕೆಲಸ. ಸೆಕೆಂಡಿಗೆ 12 ಫೋಟೊ ಓಡಿಸಿದರೆ ಕಣ್ಣಿಗೆ ಅದು ಚಲನೆಯಾಗಿ ಕಾಣುತ್ತದೆ. ಬೀಜ 1 ಸೆಕೆಂಡು ಸುಮ್ಮನಿರಲಿ, ಬೇರು 3 ಸೆಕೆಂಡು ಇಳಿಯಲಿ, ಕೊನೆಗೆ 1 ಸೆಕೆಂಡು ನಿಲ್ಲಲಿ. 12, 36, 12, ಒಟ್ಟು 60 ಫೋಟೊ.

ದೊಡ್ಡ ರಟ್ಟೊಂದಕ್ಕೆ ಡ್ರಾಯಿಂಗ್ ಹಾಳೆ ಅಂಟಿಸಿ ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ. ಕಾಗದದ ಬೀಜವನ್ನು ಅದಕ್ಕೆ ಅಂಟಿಸಿ, ಬೀಜದ ಕೆಳಗೆ ಒಂದು ಸೀಳು ಮಾಡಿ. ಬಿಳಿ ಚಾರ್ಟಿನ ಒಂದು ಪಟ್ಟಿಯೇ ಬೇರು. ಅದನ್ನು ಹಿಂದಿನಿಂದ ಸೀಳಿನೊಳಗೆ ತೂರಿಸಿ, ಹಿಂಬದಿಯಲ್ಲಿ ಉಳಿಯುವ ಭಾಗಕ್ಕೆ ಸ್ಕೇಲು ಇಟ್ಟು ಮಿಲಿಮೀಟರ್ ಗೆರೆ ಹಾಕಿ. ರಟ್ಟಿನ ಹಿಂದೆ ಕುಳಿತವನು ಗೆರೆ ನೋಡಿ ಪಟ್ಟಿಯನ್ನು ತಳ್ಳುತ್ತಾನೆ, ಮುಂದೆ ನಿಂತವಳು ಫೋಟೊ ತೆಗೆಯುತ್ತಾಳೆ. ರಟ್ಟಿನ ಮುಂದೆ ಯಾರ ಕೈಯೂ ಬರುವುದಿಲ್ಲ, ಕೈಯ ನೆರಳೂ ಬೀಳುವುದಿಲ್ಲ.

ಪ್ರತಿ ಸಲ ಎಷ್ಟು ತಳ್ಳಬೇಕು? ಬೇರು 72 ಮಿ.ಮೀ. ಇಳಿಯಬೇಕು ಎಂದುಕೊಳ್ಳಿ. 36 ಫೋಟೊಗಳಿಗೆ ಸಮವಾಗಿ ಹಂಚಿದರೆ ತಲಾ 2 ಮಿ.ಮೀ. ಬರುತ್ತದೆ. ಆದರೆ ಹಾಗೆ ಮಾಡಿದರೆ ಬೇರು ತಟ್ಟನೆ ಹೊರಟು ತಟ್ಟನೆ ನಿಂತಂತೆ, ಯಂತ್ರದಂತೆ ಕಾಣುತ್ತದೆ. ಮೊದಲ 6 ಫೋಟೊಗೆ 1 ಮಿ.ಮೀ., ನಡುವಿನ 24ಕ್ಕೆ ಎರಡೂವರೆ ಮಿ.ಮೀ., ಕೊನೆಯ 6ಕ್ಕೆ ಮತ್ತೆ 1 ಮಿ.ಮೀ. ತಳ್ಳಿ. ಕೂಡಿದರೆ ಅದೇ 72. ಬೇರು ಈಗ ಮೆಲ್ಲಗೆ ಹೊರಟು, ಮೆಲ್ಲಗೆ ನಿಲ್ಲುತ್ತದೆ.

ಟ್ರೈಪಾಡಿನ ಮೂರು ಕಾಲಿನ ಸುತ್ತ ಸೀಮೆಸುಣ್ಣದಿಂದ ಗುರುತು ಮಾಡಿ. ಮೊಬೈಲನ್ನು ಅಡ್ಡಲಾಗಿ, ಬೀಜದ ಎತ್ತರಕ್ಕೇ ಕೂರಿಸಿ. ಬೆರಳಿನಿಂದ ಪರದೆ ಒತ್ತಿದರೆ ಮೊಬೈಲು ಅಲುಗುತ್ತದೆ. ಕ್ಯಾಮೆರಾದ 2 ಸೆಕೆಂಡಿನ ಟೈಮರ್ ಹಾಕಿಕೊಳ್ಳಿ.

ಇನ್ನು ಬೆಳಕು. ಇಂಥ ಚಿತ್ರಗಳು ಹೆಚ್ಚಾಗಿ ಕೆಡುವುದು ಇಲ್ಲಿಯೇ. ಒಂದೊಂದು ಫೋಟೊ ನೋಡಿದಾಗ ಚೆನ್ನಾಗಿಯೇ ಇರುತ್ತದೆ, ಓಡಿಸಿದಾಗ ಚಿತ್ರ ಮಿಣುಕುತ್ತದೆ. ಕಿಟಕಿಯ ಬಿಸಿಲು ಮೋಡ ಬಂದಂತೆಲ್ಲ ಬದಲಾಗುತ್ತದೆ. ಆದ್ದರಿಂದ ಕಿಟಕಿ ಮುಚ್ಚಿ, ದೀಪದ ಬೆಳಕಿನಲ್ಲೇ ಕೆಲಸ ಮಾಡಿ. ಒಂದೇ ಬಗೆಯ ಎರಡು ದೀಪಗಳನ್ನು ಎಡಕ್ಕೊಂದು, ಬಲಕ್ಕೊಂದು ಓರೆಯಾಗಿ ಇಡಿ. ಫೋಟೊ ತೆಗೆಯುವವರು ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಲ್ಲಲಿ. ಬಿಳಿ ಸಮವಸ್ತ್ರವೂ ಬೆಳಕನ್ನು ರಟ್ಟಿನ ಮೇಲೆ ಎಸೆಯುತ್ತದೆ. ಅದರ ಮೇಲೊಂದು ಕಪ್ಪು ಬಟ್ಟೆ ಹೊದ್ದರೆ ಸಾಕು.

ಮೊಬೈಲು ತಾನಾಗಿ ಬೆಳಕನ್ನೂ ಬಣ್ಣವನ್ನೂ ಫೋಕಸನ್ನೂ ಪ್ರತಿ ಫೋಟೊಗೆ ಹೊಸದಾಗಿ ಲೆಕ್ಕ ಹಾಕುತ್ತದೆ. ಬಿಳಿ ಬೇರು ಉದ್ದವಾದಂತೆ ಅದು ಚಿತ್ರವನ್ನೆಲ್ಲ ಕಪ್ಪು ಮಾಡುತ್ತಾ ಹೋಗಬಹುದು. ಕ್ಯಾಮೆರಾದಲ್ಲಿ Pro ಎಂಬ ಆಯ್ಕೆ ಇದ್ದರೆ ISO, ಷಟರ್, WB, ಫೋಕಸ್ ನಾಲ್ಕನ್ನೂ ಮೊದಲೇ ಕಟ್ಟಿಹಾಕಿ. ಷಟರ್ 1/50 ಇರಲಿ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಹೆಚ್ಚು ಕಡಿಮೆಯಾಗುತ್ತದೆ. 1/50 ಸೆಕೆಂಡಿನಲ್ಲಿ ಸರಿಯಾಗಿ ಎರಡು ಸುತ್ತು ಮುಗಿಯುವುದರಿಂದ ಪ್ರತಿ ಫೋಟೊಗೂ ಸಮನಾದ ಬೆಳಕು ಸಿಗುತ್ತದೆ. Pro ಇಲ್ಲದ ಮೊಬೈಲುಗಳಲ್ಲಿ ಪರದೆಯ ಮೇಲೆ ಬೀಜವನ್ನು ಒತ್ತಿ ಹಿಡಿಯಿರಿ. ಹಲವು ಮೊಬೈಲುಗಳು ಬೆಳಕನ್ನೂ ಫೋಕಸನ್ನೂ ಅಲ್ಲಿಗೇ ನಿಲ್ಲಿಸುತ್ತವೆ.

ಬೇರನ್ನು ಮುಟ್ಟುವ ಮೊದಲು ಒಂದು ಪರೀಕ್ಷೆ ಮಾಡಿ. ಏನನ್ನೂ ಸರಿಸದೆ 12 ಫೋಟೊ ತೆಗೆದು ಓಡಿಸಿ ನೋಡಿ. ಚಿತ್ರ ಕಲ್ಲಿನಂತೆ ನಿಂತಿದ್ದರೆ ಅವೇ ನಿಮ್ಮ ಮೊದಲ 12 ಫೋಟೊಗಳು. ನಿಲ್ಲದಿದ್ದರೆ ಕಾರಣ ಚಿತ್ರದಲ್ಲೇ ಕಾಣುತ್ತದೆ. ಬೆಳಕು ನಿಧಾನವಾಗಿ ಏರಿ ಇಳಿದರೆ ಹೊರಗಿನ ಬಿಸಿಲು ಎಲ್ಲಿಂದಲೋ ಒಳಬರುತ್ತಿದೆ. ನಡುವೆ ಒಂದೆರಡು ಫೋಟೊ ಮಾತ್ರ ಕಪ್ಪಾದರೆ ಯಾರೋ ದೀಪಕ್ಕೆ ಅಡ್ಡ ಬಂದಿದ್ದಾರೆ, ಇಲ್ಲವೇ ಮೊಬೈಲು ತಾನೇ ಬೆಳಕು ಬದಲಿಸಿದೆ. ಅಡ್ಡಪಟ್ಟೆಗಳು ಬಂದರೆ ದೀಪಕ್ಕೂ ಷಟರಿಗೂ ಹೊಂದುತ್ತಿಲ್ಲ. ಇಡೀ ಚಿತ್ರ ಪಕ್ಕಕ್ಕೆ ಜಿಗಿದರೆ ಟ್ರೈಪಾಡು ಅಲುಗಿದೆ. ಈ ಪರೀಕ್ಷೆಗೆ ಐದು ನಿಮಿಷ ಸಾಕು. 60 ಫೋಟೊ ಮುಗಿದ ಮೇಲೆ ದೋಷ ಕಂಡರೆ ನಿಮಗಿರುವ ಒಂದು ಮಧ್ಯಾಹ್ನವೇ ಹೋಗುತ್ತದೆ.

ನಡುವೆ ಕರೆಂಟು ಹೋದರೆ ಏನನ್ನೂ ಮುಟ್ಟದೆ ಕಾಯಿರಿ. ಬಂದ ಮೇಲೆ ಬೇರನ್ನು ಸರಿಸದೆ ಒಂದು ಫೋಟೊ ತೆಗೆದು, ಹಿಂದಿನದರ ಜೊತೆ ಹಿಂದೆ ಮುಂದೆ ಮಾಡಿ ನೋಡಿ. ಎರಡರಲ್ಲೂ ವ್ಯತ್ಯಾಸ ಕಾಣದಿದ್ದರೆ ಮುಂದಿನ ಗೆರೆಗೆ ತಳ್ಳಿ.

ರಟ್ಟು, ಚಾರ್ಟು ಇಲ್ಲೇ ಮೇಜಿನ ಮೇಲಿವೆ, ಕಿಟಕಿ ಮುಚ್ಚೋಣ ಬನ್ನಿ.