ಫೋನಲ್ಲಿ ಕಡ್ಡಿ ಫುಲ್, ಇಂಟರ್ನೆಟ್ ಮಾತ್ರ ಸ್ಲೋ: ವೈಫೈ ಎಕ್ಸ್‌ಟೆಂಡರ್ ಎಲ್ಲಿಡಬೇಕು?

ಹಿಂಜೆವಾಡಿ, ವಾಕಡ್, ಖರಾಡಿ ಕಡೆ ಇರೋ ನಮ್ಮವರು ನನ್ನನ್ನ ಪದೇ ಪದೇ ಕೇಳೋ ಒಂದು ಪ್ರಶ್ನೆ ಇವತ್ತಿನ ವಿಷಯ. "ಬೆಡ್‌ರೂಮಿಗೆ ವೈಫೈ ಸರಿಯಾಗಿ ಬರ್ತಿರಲಿಲ್ಲ, ಎಕ್ಸ್‌ಟೆಂಡರ್ ತಂದು ಹಾಕ್ದೆ. ಈಗ ಫೋನಲ್ಲಿ ಕಡ್ಡಿ ಎಲ್ಲಾ ತುಂಬಿದೆ, ಆದ್ರೆ ಇಂಟರ್ನೆಟ್ ಮೊದಲಿಗಿಂತ ಸ್ಲೋ ಆಗಿದೆ. ಡಬ್ಬಿ ಕೆಟ್ಟಿದೆಯಾ?"

ಸಾಮಾನ್ಯವಾಗಿ ಡಬ್ಬಿ ಕೆಟ್ಟಿರಲ್ಲ. ಜಾಗ ತಪ್ಪಿರುತ್ತೆ. ಯಾಕೆ ಅನ್ನೋದನ್ನ ಮೊದಲು ನೋಡೋಣ, ಆಮೇಲೆ ಒಂದು ಮನೆಯಲ್ಲಿ ಅಳತೆ ಮಾಡಿ ಸರಿಪಡಿಸಿದ್ದನ್ನ ಹೇಳ್ತೀನಿ.

ಕಡ್ಡಿ ಏನು ಹೇಳುತ್ತೆ, ಏನು ಹೇಳಲ್ಲ

ಊರಿಂದ ಅಮ್ಮ ಪುಣೆಗೆ ಬಂದಿದ್ದಾರೆ ಅಂದ್ಕೊಳ್ಳಿ. ಎದುರು ಮನೆ ಮರಾಠಿ ಕಾಕೂ ಜೊತೆ ಮಾತಾಡ್ಬೇಕು. ಮಧ್ಯೆ ನೀವು ನಿಂತು ಅವರು ಹೇಳಿದ್ದನ್ನ ಇವರಿಗೆ, ಇವರು ಹೇಳಿದ್ದನ್ನ ಅವರಿಗೆ ದಾಟಿಸ್ತೀರಿ. ಎಕ್ಸ್‌ಟೆಂಡರ್ ಮಾಡೋದು ಇದನ್ನೇ. ಇಲ್ಲಿ ಎರಡು ತೊಂದರೆ ಇವೆ.

ಒಂದು, ಪ್ರತಿ ಮಾತನ್ನೂ ಎರಡು ಸಲ ಆಡಬೇಕು. ನೀವು ಕೇಳಿಸಿಕೊಳ್ತಿರುವಾಗ ಮಾತಾಡೋಕೆ ಆಗಲ್ಲ, ಮಾತಾಡ್ತಿರುವಾಗ ಕೇಳೋಕೆ ಆಗಲ್ಲ. ವೈಫೈಯಲ್ಲೂ ಒಂದು ಚಾನಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ಎಕ್ಸ್‌ಟೆಂಡರ್ ರೂಟರ್ ಜೊತೆಗೂ ಫೋನ್ ಜೊತೆಗೂ ಒಂದೇ ಚಾನಲ್‌ನಲ್ಲಿ ಮಾತಾಡಿದ್ರೆ ಸಮಯ ಎರಡು ಪಾಲಾಗುತ್ತೆ, ವೇಗ ಸುಮಾರು ಅರ್ಧಕ್ಕೆ ಇಳಿಯುತ್ತೆ. ಇದು ಆ ಸಾಧನ ಕೆಲಸ ಮಾಡೋ ರೀತಿ, ಹಾಗಾಗಿ ಸೆಟ್ಟಿಂಗ್ಸ್‌ನಲ್ಲಿ ಸರಿ ಮಾಡೋಕೆ ಬರಲ್ಲ.

ಎರಡನೇದು ಇನ್ನೂ ದೊಡ್ಡದು. ನೀವು ಅಮ್ಮನ ಪಕ್ಕದಲ್ಲೇ ನಿಂತಿದ್ದೀರಿ, ಕಾಕೂ ಮಾತ್ರ ಎರಡು ಗೋಡೆ ಆಚೆ ಇದ್ದಾರೆ. ಅಮ್ಮನಿಗೆ ನಿಮ್ಮ ದನಿ ಸ್ಪಷ್ಟ. ನಿಮಗೇ ಕಾಕೂ ಮಾತು ಕೇಳಿಸ್ತಿಲ್ಲ. "ಏನು? ಇನ್ನೊಂದ್ಸಲ ಹೇಳಿ" ಅಂತಲೇ ಹೊತ್ತು ಹೋಗುತ್ತೆ. ಫೋನಲ್ಲಿ ಕಾಣೋ ಕಡ್ಡಿ ಅಂದ್ರೆ ಅಮ್ಮನಿಗೆ ನಿಮ್ಮ ದನಿ ಎಷ್ಟು ಚೆನ್ನಾಗಿ ಕೇಳ್ತಿದೆ ಅನ್ನೋದು ಅಷ್ಟೇ. ಕಾಕೂ ದನಿ ನಿಮಗೆ ಎಷ್ಟು ಕೇಳ್ತಿದೆ ಅನ್ನೋದು ಆ ಕಡ್ಡಿಯಲ್ಲಿ ಇಲ್ಲವೇ ಇಲ್ಲ.

ಅದಕ್ಕೇ ಒಂದೇ ನಿಯಮ ನೆನಪಿಟ್ಕೊಳ್ಳಿ: ಎಕ್ಸ್‌ಟೆಂಡರ್ ಇಡೋ ಜಾಗದಲ್ಲಿ ರೂಟರ್‌ನಿಂದ ನೇರವಾಗಿ ಎಷ್ಟು ವೇಗ ಸಿಗುತ್ತೋ, ಅದಕ್ಕಿಂತ ಹೆಚ್ಚು ಎಕ್ಸ್‌ಟೆಂಡರ್ ಕೊಡೋಕೆ ಸಾಧ್ಯ ಇಲ್ಲ. ಹೆಚ್ಚಾಗಿ ಅದರ ಅರ್ಧ ಕೊಡುತ್ತೆ. ನೆಟ್ ಸಿಗದ ಜಾಗದಲ್ಲೇ ಅದನ್ನ ಇಟ್ರೆ, ಇಲ್ಲದ ನೆಟ್ಟನ್ನೇ ಜೋರಾಗಿ ಹಂಚುತ್ತೆ.

ವಾಕಡ್‌ನ ಒಂದು 2 ಬಿಎಚ್‌ಕೆ

ಧಾರವಾಡ ಕಡೆಯ ನನ್ನ ಗೆಳೆಯನ ಮನೆ. ಹೊಸ ಕಂಪನಿ, ಇನ್ನೂ ಪ್ರೊಬೇಷನ್. ಅಪ್ಪನಿಗೆ ಮೊಣಕಾಲು ಆಪರೇಷನ್ ಆಗಿ ಮನೆಯಲ್ಲಿದ್ರು, ಅದಕ್ಕೇ ಮ್ಯಾನೇಜರ್ ಹತ್ರ ಕೇಳಿ ಒಂದು ತಿಂಗಳು ವರ್ಕ್ ಫ್ರಮ್ ಹೋಮ್ ತಗೊಂಡಿದ್ದ. ಹಾಲ್‌ನಲ್ಲಿ ಅಪ್ಪ, ಟಿವಿ, ನೋಡೋಕೆ ಬರೋ ಜನ. ಇವನು ಕೂರೋದು ಕೊನೇ ಬೆಡ್‌ರೂಮಲ್ಲಿ. ಅಲ್ಲಿ ಪ್ರತಿ ಕಾಲ್‌ನಲ್ಲೂ ಇವನ ದನಿ ತುಂಡು ತುಂಡು. "ನೆಟ್ ಸರಿ ಮಾಡ್ಕೋ, ಇಲ್ಲಾಂದ್ರೆ ಸೋಮವಾರದಿಂದ ಆಫೀಸಿಗೆ ಬಾ" ಅಂತ ಮ್ಯಾನೇಜರ್ ಹೇಳಿ ಆಗಿತ್ತು. 100 ಎಂಬಿಪಿಎಸ್ ಪ್ಲಾನ್ ಬಿಟ್ಟು 300ರ ಪ್ಲಾನ್ ತಗೊಳ್ಳೋಕೆ ಹೊರಟಿದ್ದ. "ತಡಿ ಮಾರಾಯಾ, ಮೊದಲು ಅಳೆಯೋಣ" ಅಂದೆ.

ಮನೆ ಹೇಗಿದೆ ಅಂದ್ರೆ, ಫೈಬರ್ ಬರೋದು ಮುಂಬಾಗಿಲ ಹತ್ರ, ರೂಟರ್ ಅಲ್ಲೇ. ಹಾಲ್ ದಾಟಿದ್ರೆ ಪ್ಯಾಸೇಜ್, ಅದರ ಒಂದು ಕಡೆ ಅಡುಗೆಮನೆ, ಇನ್ನೊಂದು ಕಡೆ ಬಾತ್‌ರೂಮ್, ಕೊನೆಗೆ ಬೆಡ್‌ರೂಮ್. ಪುಣೆಯ ಎಷ್ಟೋ ಹೊಸ ಟವರ್‌ಗಳ ಹಾಗೆ ಇದೂ ಅಲ್ಯೂಮಿನಿಯಂ ಅಚ್ಚಿನಲ್ಲಿ ಎರಕ ಹೊಯ್ದ ಕಟ್ಟಡ, ಮಿವಾನ್ ಅಂತಾರಲ್ಲ, ಅದು. ಒಳಗೋಡೆಯೂ ಇಟ್ಟಿಗೆಯದ್ದಲ್ಲ, ಸರಳು ಹಾಕಿದ ಕಾಂಕ್ರೀಟ್. ಮೊಳೆ ಹೊಡೆದ್ರೆ ಮೊಳೆಯೇ ಬಾಗುತ್ತೆ. ಇಂಥ ಗೋಡೆ ವೈಫೈಯನ್ನ ಚೆನ್ನಾಗಿ ನುಂಗುತ್ತೆ, ಅದರಲ್ಲೂ 5 ಗಿಗಾಹರ್ಟ್ಸ್ ಸಿಗ್ನಲ್ಲನ್ನ.

ಮೊದಲು ಎಕ್ಸ್‌ಟೆಂಡರ್ ಆಫ್ ಮಾಡಿ, ಫೋನನ್ನ ರೂಟರ್ ಹೆಸರಿಗೇ ಕನೆಕ್ಟ್ ಮಾಡಿ ಮನೆ ತುಂಬಾ ಓಡಾಡಿದ್ವಿ. ಆಂಡ್ರಾಯ್ಡ್‌ನಲ್ಲಿ ವೈಫೈ ಅನಲೈಸರ್ ಥರದ ಆಪ್ ಹಾಕಿದ್ರೆ ಸಿಗ್ನಲ್ dBm ಅಂತ ಮೈನಸ್ ಸಂಖ್ಯೆಯಲ್ಲಿ ಕಾಣುತ್ತೆ. ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೇದು. ಮೈನಸ್ 50 ಅಂದ್ರೆ ಗಟ್ಟಿ, ಮೈನಸ್ 67ರ ತನಕ ವಿಡಿಯೋ ಕಾಲ್‌ಗೆ ಅಡ್ಡಿಯಿಲ್ಲ, ಮೈನಸ್ 80 ಅಂದ್ರೆ ಹೆಸರಿಗಷ್ಟೇ. ಒಂದು ಮಾತು: 10 ಅಂಕ ಇಳಿದ್ರೆ ಸಿಗ್ನಲ್‌ನ ಶಕ್ತಿ ಹತ್ತನೇ ಒಂದು ಭಾಗಕ್ಕೆ ಇಳೀತು ಅಂತ ಅರ್ಥ.

ರೂಟರ್ ಪಕ್ಕ ಮೈನಸ್ 42, ವೇಗ 94. ಪ್ಲಾನ್ 100ರದ್ದು, ಹಾಗಾಗಿ ಹೊರಗಿಂದ ಬರೋ ನೆಟ್ ಸರಿ ಇದೆ. ಕೊನೇ ಬೆಡ್‌ರೂಮಲ್ಲಿ 5 ಗಿಗಾಹರ್ಟ್ಸ್ ಬರಲೇ ಇಲ್ಲ. 2.4ರಲ್ಲಿ ಮೈನಸ್ 79, ವೇಗ 10. ಈಗ ಎಕ್ಸ್‌ಟೆಂಡರನ್ನ ಅವನಿಟ್ಟಿದ್ದ ಜಾಗದಲ್ಲೇ, ಅಂದ್ರೆ ಮೇಜಿನ ಪಕ್ಕದ ಪ್ಲಗ್‌ನಲ್ಲೇ ಆನ್ ಮಾಡಿದ್ವಿ. ಫೋನಿಗೆ ಮೈನಸ್ 38, ಕಡ್ಡಿ ಫುಲ್. ವೇಗ 5.

ಕಾಲ್‌ಗೆ 5 ಸಾಕಲ್ವಾ ಅಂತ ನೀವು ಕೇಳಬಹುದು. ಸಾಕು, ನಿಯಮಿತವಾಗಿ ಬಂದ್ರೆ. ಅದನ್ನ ನೋಡೋಕೆ ಸ್ಪೀಡ್ ಟೆಸ್ಟ್ ಸಾಲಲ್ಲ. ಲ್ಯಾಪ್‌ಟಾಪಲ್ಲಿ `ipconfig` ಹೊಡೆದು `Default Gateway` ಅಂತ ಇರೋ ವಿಳಾಸ ತಗೊಳ್ಳಿ, ಅದು ನಿಮ್ಮ ರೂಟರ್. ಅದಕ್ಕೆ ಪಿಂಗ್ ಮಾಡಿ:

```
ping -n 50 192.168.1.1
```

ಮನೆಯೊಳಗಿನ ರೂಟರ್ ಕೆಲವೇ ಮಿಲಿಸೆಕೆಂಡಲ್ಲಿ ಉತ್ತರ ಕೊಡಬೇಕು. ಹಾಲ್‌ನಲ್ಲಿ 2, 3 ಬಂತು. ಬೆಡ್‌ರೂಮಲ್ಲಿ ಎಕ್ಸ್‌ಟೆಂಡರ್ ಮೂಲಕ ಒಮ್ಮೆ 12, ಒಮ್ಮೆ 180, ಒಮ್ಮೆ 310. 50ರಲ್ಲಿ 4 ಉತ್ತರ ಬರಲೇ ಇಲ್ಲ. ಮಾತು ತುಂಡಾಗ್ತಿದ್ದದ್ದು ಇಲ್ಲಿ, ನಮ್ಮ ಅನುವಾದಕ "ಏನು? ಏನು?" ಅಂತ ಕೇಳ್ತಿದ್ದದ್ದಕ್ಕೆ. ಪ್ಲಾನ್ 300 ಆದ್ರೂ ಈ ತುಂಡು ಹಾಗೇ ಇರುತ್ತೆ, ಯಾಕಂದ್ರೆ ತೊಂದರೆ ಇರೋದು ರೂಟರ್‌ಗೂ ಎಕ್ಸ್‌ಟೆಂಡರ್‌ಗೂ ನಡುವೆ. ಹಾಗಲ್ಲದೆ ರೂಟರ್‌ಗೆ ಪಿಂಗ್ ಚೆನ್ನಾಗಿದ್ದು, `8.8.8.8`ಗೆ ಮಾತ್ರ ಕೆಟ್ಟಿದ್ರೆ ಆಗ ನೆಟ್‌ನವರಿಗೆ ಫೋನ್ ಮಾಡಿ.

ಜಾಗ ಹುಡುಕಿದ್ದು

"ಮಧ್ಯದಲ್ಲಿಡಿ" ಅಂತ ಎಲ್ಲರೂ ಹೇಳ್ತಾರೆ. ಯಾವ ಮಧ್ಯ? ಅಡಿ ಲೆಕ್ಕದ ಮಧ್ಯ ಅಲ್ಲ, ಸಿಗ್ನಲ್ ಲೆಕ್ಕದ ಮಧ್ಯ. ಎರಡು ಗೋಡೆ ಇದ್ರೆ ಈ ಕಡೆ ಒಂದು, ಆ ಕಡೆ ಒಂದು ಇರೋ ಹಾಗೆ. ಒಂದು ಕಡೆ ಬಾಗಿಲ ಮೂಲಕ ರೂಟರ್ ನೇರ ಕಂಡ್ರೆ ಇನ್ನೂ ಒಳ್ಳೇದು.

ಮನೆಯಲ್ಲಿ ಪ್ಲಗ್ ಇರೋ ಕಡೆ ತಾನೇ ಇಡೋಕೆ ಆಗೋದು. ಎರಡು ಜಾಗ ಸಿಕ್ಕಿತು. ಎಕ್ಸ್‌ಟೆಂಡರ್ ಹಾಕೋ ಮೊದಲೇ ಫೋನನ್ನ ಆ ಪ್ಲಗ್ ಎದುರು ಹಿಡಿದು ರೂಟರ್ ಸಿಗ್ನಲ್ಲೂ ವೇಗವೂ ನೋಡಿದ್ವಿ.

ಬೆಡ್‌ರೂಮ್ ಬಾಗಿಲ ಒಳಗಿನ ಸ್ವಿಚ್‌ಬೋರ್ಡ್: 5 ಗಿಗಾಹರ್ಟ್ಸ್‌ನಲ್ಲಿ ಮೈನಸ್ 72, ವೇಗ 35. ಎಕ್ಸ್‌ಟೆಂಡರ್ ಅಲ್ಲಿಟ್ಟು ಮೇಜಿನಲ್ಲಿ ನೋಡಿದ್ರೆ 17.

ಹಾಲ್ ಮುಗಿದು ಪ್ಯಾಸೇಜ್ ಶುರುವಾಗೋ ಕಡೆ, ಸೊಂಟದೆತ್ತರದ ಪ್ಲಗ್: ಮೈನಸ್ 56, ವೇಗ 80. ಎಕ್ಸ್‌ಟೆಂಡರ್ ಅಲ್ಲಿಟ್ರೆ ಮೇಜಿನಲ್ಲಿ ಫೋನಿಗೆ ಮೈನಸ್ 64, ಅಂದ್ರೆ ಮೊದಲಿಗಿಂತ ಕಡ್ಡಿ ಕಮ್ಮಿ. ವೇಗ 38. ರೂಟರ್‌ಗೆ ಪಿಂಗ್ 6ರಿಂದ 12, ಒಂದೂ ಕಳೆದುಹೋಗಲಿಲ್ಲ.

ಗಮನಿಸಿ, ಕಡ್ಡಿ ಕಮ್ಮಿಯಾಯ್ತು, ವೇಗ ಏಳು ಪಟ್ಟಿಗಿಂತ ಹೆಚ್ಚಾಯ್ತು. ಮೂರೂ ಜಾಗದಲ್ಲಿ ಸಿಕ್ಕಿದ್ದು ಆಯಾ ಜಾಗದ ನೇರ ವೇಗದ ಸುಮಾರು ಅರ್ಧ: 10ಕ್ಕೆ 5, 35ಕ್ಕೆ 17, 80ಕ್ಕೆ 38. ಅರ್ಧ ಹೋಗೋದನ್ನ ತಪ್ಪಿಸೋಕೆ ಆಗಲಿಲ್ಲ, ಯಾವುದರ ಅರ್ಧ ಅನ್ನೋದನ್ನ ಬದಲಾಯಿಸಿದ್ವಿ. ಸೋಮವಾರದ ಮೀಟಿಂಗ್ ಬೆಡ್‌ರೂಮಿಂದಲೇ ಆಯ್ತು, ಅಪ್ಪನ ಜೊತೆ ತಿಂಗಳು ಪೂರ್ತಿ ಇದ್ದ. ಪ್ಲಾನ್ ಇವತ್ತಿಗೂ 100ರದ್ದೇ.

ಅಡುಗೆಮನೆಯಲ್ಲೂ ಪ್ಲಗ್ ಇತ್ತು, ಫ್ರಿಜ್ ಹಿಂದೆ. ಅದನ್ನ ಬಿಟ್ವಿ. ಫ್ರಿಜ್, ಗಾಡ್ರೇಜ್ ಬೀರು, ದೊಡ್ಡ ಕನ್ನಡಿ, ಟಿವಿಯ ಬೆನ್ನು, ಇವೆಲ್ಲ ಸಿಗ್ನಲ್‌ಗೆ ಅಡ್ಡ. ಮೈಕ್ರೋವೇವ್ ಆನ್ ಆದ್ರೆ 2.4 ಗಿಗಾಹರ್ಟ್ಸ್ ಕೆಡುತ್ತೆ.

ಕೊಳ್ಳೋ ಮೊದಲು, ಕೊಂಡ ಮೇಲೆ

ಅಗ್ಗದ, ಡಬ್ಬಿ ಮೇಲೆ ಎನ್300 ಅಂತಿರೋ ಎಕ್ಸ್‌ಟೆಂಡರ್‌ಗಳಲ್ಲಿ 2.4 ಗಿಗಾಹರ್ಟ್ಸ್ ಒಂದೇ ಇರುತ್ತೆ. ನಮ್ಮ ಟವರ್‌ಗಳಲ್ಲಿ ಆ ಬ್ಯಾಂಡಿನ ಸ್ಥಿತಿ ಸಂಜೆ ಹೊತ್ತಿನ ಹಿಂಜೆವಾಡಿ ರಸ್ತೆ. ಒಂದರ ಮೇಲೊಂದು ಬೀಳದ ಚಾನಲ್ ಅಲ್ಲಿ ಇರೋದು 1, 6, 11, ಮೂರೇ. ಅಕ್ಕಪಕ್ಕದ ಮನೆಯವರೆಲ್ಲ ಅದರಲ್ಲೇ. ಎರಡೂ ಬ್ಯಾಂಡ್ ಇರೋದನ್ನೇ ತಗೊಳ್ಳಿ. ಅದು ರೂಟರ್ ಜೊತೆ 5ರಲ್ಲಿ, ಫೋನ್ ಜೊತೆ 2.4ರಲ್ಲಿ ಮಾತಾಡಿದ್ರೆ ಅರ್ಧ ಆಗೋ ಕಾಟ ತಪ್ಪುತ್ತೆ. ಆದ್ರೆ 2.4 ತುಂಬಾ ಗಿಜಿಗುಡ್ತಿದ್ರೆ ಲಾಭ ಇಲ್ಲ. ಗೆಳೆಯನ ಮನೆಯಲ್ಲಿ ಹಾಗೆ ಹಾಕಿದಾಗ 25 ಬಂತು, ಅದಕ್ಕೇ ಎರಡೂ ಕಡೆ 5ರಲ್ಲೇ ಬಿಟ್ವಿ. ನಿಮ್ಮಲ್ಲಿ ಎರಡನ್ನೂ ಅಳೆದು ನೋಡಿ.

ಎಕ್ಸ್‌ಟೆಂಡರ್‌ಗೆ ಬೇರೆ ಹೆಸರು ಇಡಿ, ಕೊನೆಗೆ `_EXT` ಅಂತ ಸೇರಿಸಿದ್ರೂ ಸಾಕು. ಒಂದೇ ಹೆಸರಿದ್ರೆ ಫೋನ್ ಯಾವುದಕ್ಕೆ ಅಂಟಿಕೊಂಡಿದೆ ಅಂತ ಗೊತ್ತಾಗಲ್ಲ. ಹಾಲ್‌ಗೆ ಬಂದು ರೂಟರ್ ಪಕ್ಕ ಕೂತ್ರೂ ಫೋನ್ ಎಕ್ಸ್‌ಟೆಂಡರನ್ನ ಬಿಡದೇ ಇರಬಹುದು. ಐಫೋನ್ ಸಿಗ್ನಲ್ ಮೈನಸ್ 70ಕ್ಕೆ ಇಳಿಯೋ ತನಕ ಬೇರೆ ಕಡೆ ಹುಡುಕೋಕೇ ಶುರು ಮಾಡಲ್ಲ.

ಎಲ್ಲಾ ಪ್ಲಗ್‌ನಲ್ಲೂ ರೂಟರ್ ಸಿಗ್ನಲ್ ಮೈನಸ್ 70ಕ್ಕಿಂತ ಕೆಳಗಿದ್ರೆ ಅಥವಾ ಅಲ್ಲಿಂದ ನಿಮ್ಮ ಮೇಜು ತಲುಪದೇ ಇದ್ರೆ, ಜಾಗ ಬದಲಾಯಿಸ್ತಾ ಕೂರಬೇಡಿ. ಚಪ್ಪಟೆ ಲ್ಯಾನ್ ಕೇಬಲ್ ತಗೊಂಡು ಗೋಡೆ ಬುಡದಲ್ಲಿ ಎಳೆದು, ಅದೇ ಎಕ್ಸ್‌ಟೆಂಡರ್‌ಗೆ ಚುಚ್ಚಿ ಸೆಟ್ಟಿಂಗ್ಸ್‌ನಲ್ಲಿ `Access Point` ಮೋಡ್ ಹಾಕಿ. ಡ್ರಿಲ್ ಬೇಡ, ಬಾಡಿಗೆ ಮನೆ ಓನರ್ ಕೂಡ ಏನೂ ಅನ್ನಲ್ಲ. ಆಗ ರೂಟರ್ ಕಡೆಯ ಮಾತು ತಂತಿಯಲ್ಲಿ ಹೋಗುತ್ತೆ, ಅರ್ಧ ಆಗೋ ಪ್ರಶ್ನೆಯೇ ಇಲ್ಲ, ಡಬ್ಬಿಯನ್ನ ಬೆಡ್‌ರೂಮಲ್ಲೇ ಇಡಬಹುದು. ಅಗ್ಗದ ಎಕ್ಸ್‌ಟೆಂಡರ್‌ಗಳ ಲ್ಯಾನ್ ಪೋರ್ಟ್ ಎಷ್ಟೋ ಸಲ 100 ಎಂಬಿಪಿಎಸ್‌ದೇ ಇರುತ್ತೆ, ಅಷ್ಟೇ ಅದರ ಮಿತಿ.

ಇವತ್ತು ಸಂಜೆ ಹತ್ತು ನಿಮಿಷ ಸಿಕ್ಕಿದ್ರೆ ಎಕ್ಸ್‌ಟೆಂಡರ್ ಆಫ್ ಮಾಡಿ, ಅದು ಇರೋ ಪ್ಲಗ್ ಎದುರು ನಿಂತು ರೂಟರ್ ಹೆಸರಲ್ಲಿ ಒಂದು ಸ್ಪೀಡ್ ಟೆಸ್ಟ್ ಮಾಡಿ. ಬಂದ ಸಂಖ್ಯೆಯ ಅರ್ಧ ನಿಮಗೆ ಸಾಕಾಗಲ್ಲ ಅನ್ನಿಸಿದ್ರೆ, ರೂಟರ್ ಕಡೆಗೆ ಒಂದು ಪ್ಲಗ್ ಹತ್ತಿರ ಬನ್ನಿ, ಮತ್ತೆ ಅಳೆಯಿರಿ.